ಮನೆಯಲ್ಲಿ ಗೆದ್ದ ಪ್ರೋಗ್ರಾಮ್ ಸರ್ವರಿನಲ್ಲಿ ಸೋಲುವುದೇಕೆ?

ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಕೇಳಿದರೆ ನೂರು ಡಿಗ್ರಿ ಸೆಲ್ಸಿಯಸ್ ಎಂದು ನಾವೆಲ್ಲ ಉತ್ತರ ಕೊಡುತ್ತೇವೆ. ಆದರೆ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರು ಎತ್ತರದಲ್ಲಿರುವ ಕಲಬುರಗಿಯಲ್ಲಿ ಅಳೆದು ನೋಡಿದರೆ ಅದು ಸುಮಾರು 98.5 ಡಿಗ್ರಿಯಲ್ಲಿಯೇ ಕುದಿಯುವುದು ಕಾಣುತ್ತದೆ. ಇಲ್ಲಿ ನೀರಿನದಾಗಲಿ ಉಷ್ಣಮಾಪಕದ್ದಾಗಲಿ ತಪ್ಪಿಲ್ಲ. ವಾಯುವಿನ ಒತ್ತಡ ಎಷ್ಟಿರಬೇಕೆಂಬುದನ್ನು ಹೇಳದೆ ಬಿಟ್ಟುದೇ ಕೊರತೆ. ಗಣಕಯಂತ್ರದ ಪ್ರೋಗ್ರಾಮುಗಳಲ್ಲಿಯೂ ಇಂತಹುದೇ ಒಂದು ಕೊರತೆ ತಲೆದೋರುವುದುಂಟು. ಬರೆದವರ ಯಂತ್ರದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮು ಸರ್ವರಿನಲ್ಲಿ ನಿಂತುಬಿಡುತ್ತದೆ. ಇದರ ಕಾರಣವನ್ನು ಒಂದು ಉದಾಹರಣೆಯಿಂದ ವಿಚಾರಿಸೋಣ.

ಕಲಬುರಗಿಯ ಕಾಲೇಜೊಂದರ ಕೆಲವು ವಿದ್ಯಾರ್ಥಿಗಳು ಕಮಲಾಪುರದಲ್ಲಿ ಒಂದು ಸ್ವಯಂಚಾಲಿತ ಮಳೆಮಾಪಕವನ್ನಿರಿಸಿ, ಅದರ ಅಂಕಿಗಳಿಂದ ತಿಂಗಳ ಮಳೆಯನ್ನು ಲೆಕ್ಕ ಹಾಕುವ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದಾರೆಂದು ಭಾವಿಸೋಣ. ಹಲವರು ಸೇರಿ ಬರೆಯುವ ಪ್ರೋಗ್ರಾಮಿನಲ್ಲಿ ಒಬ್ಬರ ತಿದ್ದುಪಡಿ ಇನ್ನೊಬ್ಬರ ಭಾಗವನ್ನು ಕೆಡಿಸಬಾರದಷ್ಟೆ. ಅದಕ್ಕಾಗಿ ಪ್ರತಿ ತಿದ್ದುಪಡಿಯನ್ನೂ ಸರ್ವರಿಗೆ ಕಳುಹಿಸುತ್ತಾರೆ. ಸರ್ವರು ಆ ಕ್ಷಣದಲ್ಲಿ ಒಂದು ಹೊಸ ಯಂತ್ರವನ್ನು ಸಜ್ಜುಗೊಳಿಸಿ, ಬೇಕಾದ ಲೈಬ್ರರಿಗಳನ್ನು ತಂದು ಜೋಡಿಸಿ, ಪರೀಕ್ಷೆಗಳನ್ನು ನಡೆಸಿ, ತೇರ್ಗಡೆಯೋ ಅನುತ್ತೀರ್ಣವೋ ಎಂದು ತಿಳಿಸುತ್ತದೆ. ಈ ಏರ್ಪಾಡಿಗೆ ಕಂಟಿನ್ಯುಯಸ್ ಇಂಟಿಗ್ರೇಷನ್, ಎಂದರೆ ನಿರಂತರ ಸಂಯೋಜನೆ, ಎಂದು ಹೆಸರು.

ಬೇಕಾದ ಲೈಬ್ರರಿಗಳ ಪಟ್ಟಿಯನ್ನು `requirements.txt` ಎಂಬ ಫೈಲಿನಲ್ಲಿ ಬರೆದಿಡುವುದು ರೂಢಿ. ನಮ್ಮ ವಿದ್ಯಾರ್ಥಿಗಳಿಗೆ ಬೇಕಾದದ್ದು ಸಂಖ್ಯೆಗಳ ಲೆಕ್ಕಕ್ಕಾಗಿ ಇರುವ ನಮ್‌ಪೈ ಎಂಬ ಲೈಬ್ರರಿ ಮಾತ್ರ. ಆದುದರಿಂದ ಪಟ್ಟಿಯಲ್ಲಿ ಒಂದೇ ಪದವಿದೆ:

```
numpy
```

ಮಾಪಕ ಕೆಟ್ಟು ಅಂಕಿ ಸಿಗದ ದಿನಗಳಲ್ಲಿ ಅದು -99 ಎಂದು ಗುರುತು ಹಾಕುತ್ತದೆ. ಅದು ಮಳೆಯ ಮೊತ್ತಕ್ಕೆ ಸೇರಬಾರದೆಂದು ಪ್ರೋಗ್ರಾಮಿನಲ್ಲಿ ಹೀಗೊಂದು ಸಾಲನ್ನು ಬರೆದಿದ್ದಾರೆ:

```python
rain[rain == -99] = np.NaN
```

ಇಲ್ಲಿ `np.NaN` ಎಂದರೆ ‘ಸಂಖ್ಯೆಯಲ್ಲ’ ಎಂಬ ಗುರುತು. 2024ರ ಜೂನ್ 14ರಂದು ಈ ಪ್ರೋಗ್ರಾಮು ಲ್ಯಾಪ್‌ಟಾಪಿನಲ್ಲಿಯೂ ಸರ್ವರಿನಲ್ಲಿಯೂ ತೇರ್ಗಡೆಯಾಯಿತೆನ್ನಿ. ಜೂನ್ 17ರಂದು ಒಂದಕ್ಷರವನ್ನೂ ಬದಲಿಸದೆ ಮತ್ತೆ ಕಳುಹಿಸಿದರೆ ಸರ್ವರು ಅದನ್ನು ಅನುತ್ತೀರ್ಣಗೊಳಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಎಲ್ಲವೂ ಸರಿ!

ನಡುವೆ ನಡೆದುದೇನು? 2024ರ ಜೂನ್ 16ರಂದು ನಮ್‌ಪೈಯ 2.0.0 ಆವೃತ್ತಿ ಹೊರಬಂದಿತು. ಒಂದೇ ವಸ್ತುವಿಗೆ ಇದ್ದ ಹಲವು ಹಳೆಯ ಅಡ್ಡಹೆಸರುಗಳನ್ನು ಆ ಆವೃತ್ತಿಯಲ್ಲಿ ತೆಗೆದುಹಾಕಿದರು. `np.nan` ಉಳಿಯಿತು, `np.NaN` ಹೋಯಿತು.

ಹಾಗಾದರೆ ಲ್ಯಾಪ್‌ಟಾಪಿಗೆ ಈ ಬದಲಾವಣೆ ಏಕೆ ತಟ್ಟಲಿಲ್ಲ? ಪಟ್ಟಿಯಲ್ಲಿ ಬರಿಯ `numpy` ಎಂದಿದ್ದರೆ ‘ಯಾವುದಾದರೊಂದು ನಮ್‌ಪೈ’ ಎಂದು ಅರ್ಥ. ಲ್ಯಾಪ್‌ಟಾಪಿನಲ್ಲಿ ಮಾರ್ಚಿಯಲ್ಲಿಯೇ ತಂದಿರಿಸಿದ 1.26.4 ಆವೃತ್ತಿ ಇದೆ. ಲೈಬ್ರರಿಗಳನ್ನು ತರುವ `pip` ಅದನ್ನು ಕಂಡು, ಬೇಕಾದದ್ದು ಇದ್ದೇ ಇದೆಯೆಂದು ಸುಮ್ಮನಾಗುತ್ತದೆ. ಸರ್ವರಿನ ಯಂತ್ರವಾದರೋ ಪ್ರತಿ ಸಲವೂ ಬರಿದಾಗಿ ಹುಟ್ಟುತ್ತದೆ. ಅಲ್ಲಿ ಹಳೆಯದು ಯಾವುದೂ ಇಲ್ಲದ ಕಾರಣ `pip` ಆ ದಿನ ದೊರೆಯುವ ಅತಿ ಹೊಸ ಆವೃತ್ತಿಯನ್ನೇ ತರುತ್ತದೆ. ಹೀಗೆ ಒಂದೇ ಪಟ್ಟಿ ಎರಡು ಯಂತ್ರಗಳಲ್ಲಿ ಎರಡು ಬೇರೆ ವಸ್ತುಗಳನ್ನು ಸೂಚಿಸಿತು.

ಇದನ್ನು ಊಹೆಯಿಂದ ನಿರ್ಣಯಿಸದೆ ಪ್ರಯೋಗದಿಂದಲೇ ಸಿದ್ಧಪಡಿಸಬಹುದು. ಸರ್ವರಿನ ವರದಿಯಲ್ಲಿ ಕೊನೆಯ ದೋಷವಾಕ್ಯವನ್ನಷ್ಟೇ ಓದದೆ, ಲೈಬ್ರರಿಗಳನ್ನು ಜೋಡಿಸಿದ ಆರಂಭದ ಭಾಗವನ್ನು ನೋಡಬೇಕು. ಅಲ್ಲಿ `numpy-2.0.0` ಎಂದಿರುತ್ತದೆ. ಲ್ಯಾಪ್‌ಟಾಪಿನಲ್ಲಿ `pip freeze` ಎಂದು ಕೊಟ್ಟರೆ `numpy==1.26.4` ಎಂದು ಬರುತ್ತದೆ. ಅನಂತರ ಲ್ಯಾಪ್‌ಟಾಪಿನಲ್ಲಿಯೇ ಸರ್ವರಿನಂತೆ ಬರಿದಾದ ಒಂದು ಆವರಣವನ್ನು ನಿರ್ಮಿಸಬೇಕು. ವಿಂಡೋಸ್ ಇರುವ ಯಂತ್ರದಲ್ಲಿ ಅದರ ಕ್ರಮ ಹೀಗೆ:

```
python -m venv hosa
hosa\Scripts\activate
pip install -r requirements.txt
```

ಈ ಹೊಸ ಆವರಣದಲ್ಲಿ ಪರೀಕ್ಷೆಯನ್ನು ನಡೆಸಿದಾಗ ಲ್ಯಾಪ್‌ಟಾಪಿನಲ್ಲಿಯೂ ಅದೇ ದೋಷ ಕಾಣಿಸಿಕೊಂಡರೆ ಕಾರಣ ಸಿಕ್ಕಿತೆಂದೇ ಅರ್ಥ. ಕಾಣಿಸದಿದ್ದರೆ ಕಾರಣವನ್ನು ಲೈಬ್ರರಿಗಳ ಆಚೆ ಹುಡುಕಬೇಕು.

ಪರಿಹಾರಕ್ಕೆ ಎರಡು ಭಾಗಗಳಿವೆ. ಮೊದಲನೆಯದು, ಪಟ್ಟಿಯಲ್ಲಿ `numpy==1.26.4` ಎಂದು ಆವೃತ್ತಿಯನ್ನು ನಿಶ್ಚಿತಗೊಳಿಸುವುದು. ಆಗ ಎರಡು ಯಂತ್ರಗಳಿಗೂ ಒಂದೇ ವಸ್ತು ದೊರೆಯುತ್ತದೆ. ಎರಡನೆಯದು, `np.NaN` ಇದ್ದಲ್ಲಿ `np.nan` ಎಂದು ತಿದ್ದುವುದು. ಇದು ಹಳೆಯ ಆವೃತ್ತಿಯಲ್ಲಿಯೂ ಹೊಸದರಲ್ಲಿಯೂ ನಡೆಯುತ್ತದೆ. ಲೈಬ್ರರಿಗಳು ಹಲವಿದ್ದಾಗ ಇನ್ನೊಂದು ಎಚ್ಚರ ಬೇಕು. ಪಾಂಡಾಸ್ ಎಂಬ ಲೈಬ್ರರಿಯನ್ನು ಕೇಳಿದರೆ ಅದು ತನಗೆ ಬೇಕಾದ ನಮ್‌ಪೈಯನ್ನೂ ಜೊತೆಗೆ ಕರೆತರುತ್ತದೆ. ಪಾಂಡಾಸಿನ ಆವೃತ್ತಿಯನ್ನು ಮಾತ್ರ ಬರೆದಿಟ್ಟರೆ ಹಿಂದೆ ಬರುವವು ಸಡಿಲವಾಗಿಯೇ ಉಳಿಯುತ್ತವೆ. ಆದುದರಿಂದ ಪರೀಕ್ಷೆಯಲ್ಲಿ ಗೆದ್ದ ಆವರಣದಲ್ಲಿ `pip freeze` ಕೊಡುವ ಪೂರ್ಣ ಪಟ್ಟಿಯನ್ನೇ ಬರೆದಿಡುವುದು ಮೇಲು.

ಆದರೆ ಲೈಬ್ರರಿಗಳೆಲ್ಲ ನಿಶ್ಚಿತವಾದ ಮೇಲೆಯೂ ಯಂತ್ರಗಳ ಸುತ್ತಲಿನ ಸ್ಥಿತಿ ಒಂದೇ ಆಗಿರಬೇಕೆಂದಿಲ್ಲ. ಕಲಬುರಗಿಯ ಲ್ಯಾಪ್‌ಟಾಪಿನ ಗಡಿಯಾರ ಭಾರತೀಯ ಕಾಲಮಾನದಲ್ಲಿರುತ್ತದೆ. ಗಿಟ್‌ಹಬ್ ಒದಗಿಸುವ ಪರೀಕ್ಷಾಯಂತ್ರಗಳ ಗಡಿಯಾರ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತದೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಮಳೆಮಾಪಕವು ಪ್ರತಿ ಅಂಕಿಯ ಕಾಲವನ್ನು 1970ರ ಆರಂಭದಿಂದ ಕಳೆದ ಸೆಕೆಂಡುಗಳ ಎಣಿಕೆಯಾಗಿ ಬರೆಯುತ್ತದೆಂದೂ, ಪ್ರೋಗ್ರಾಮು ಅದನ್ನು `datetime.fromtimestamp(t)` ಎಂಬ ಆಜ್ಞೆಯಿಂದ ದಿನಾಂಕವಾಗಿ ಮಾರ್ಪಡಿಸುತ್ತದೆಂದೂ ಇಟ್ಟುಕೊಳ್ಳೋಣ. ಈ ಆಜ್ಞೆ ತಾನಿರುವ ಯಂತ್ರದ ಕಾಲಮಾನವನ್ನೇ ಅನುಸರಿಸುತ್ತದೆ. ಜುಲೈ 1ರ ನಸುಕಿನ 3 ಗಂಟೆಗೆ ಕಮಲಾಪುರದಲ್ಲಿ ಬಿದ್ದ ಮಳೆ ಲ್ಯಾಪ್‌ಟಾಪಿನಲ್ಲಿ ಜುಲೈ ತಿಂಗಳಿಗೆ ಸೇರುತ್ತದೆ. ಸರ್ವರಿನಲ್ಲಿ ಆಗ ಜೂನ್ 30ರ ರಾತ್ರಿ 9.30 ಆಗಿರುವುದರಿಂದ ಜೂನಿಗೆ ಸೇರುತ್ತದೆ. ಎರಡು ತಿಂಗಳ ಮೊತ್ತವೂ ಕೆಡುತ್ತದೆ.

ಇಲ್ಲಿ ಸರ್ವರಿನ ಗಡಿಯಾರವನ್ನು ನಮ್ಮ ಕಾಲಮಾನಕ್ಕೆ ತಿರುಗಿಸಿದರೆ ಪರೀಕ್ಷೆಯೇನೋ ತೇರ್ಗಡೆಯಾದೀತು. ಆದರೆ ಬೇರೊಂದು ಯಂತ್ರದಲ್ಲಿ ಅದೇ ತಪ್ಪು ಸದ್ದಿಲ್ಲದೆ ನಡೆದು ಮಳೆಯ ಲೆಕ್ಕವನ್ನು ಕೆಡಿಸುತ್ತದೆ. ಸರ್ವರು ಬಯಲಿಗೆ ತಂದುದು ಪ್ರೋಗ್ರಾಮಿನಲ್ಲಿಯೇ ಅಡಗಿದ್ದ ದೋಷವನ್ನು. ಆದುದರಿಂದ ಯಾವ ಊರಿನ ಕಾಲಮಾನ ಎಂಬುದನ್ನು ಪ್ರೋಗ್ರಾಮಿನಲ್ಲಿಯೇ ಹೇಳಬೇಕು:

```python
datetime.fromtimestamp(t, ZoneInfo("Asia/Kolkata"))
```

ವಿಂಡೋಸ್ ಯಂತ್ರದಲ್ಲಿ ಇದು ನಡೆಯಬೇಕಾದರೆ `tzdata` ಎಂಬ ಇನ್ನೊಂದು ಲೈಬ್ರರಿಯೂ ಪಟ್ಟಿಯಲ್ಲಿರಬೇಕು. ಕಾಲಮಾನಗಳ ಕೋಷ್ಟಕವನ್ನು ಪೈಥಾನಿಗೆ ಬೇಕಾದ ರೂಪದಲ್ಲಿ ವಿಂಡೋಸ್ ಇಟ್ಟುಕೊಂಡಿರುವುದಿಲ್ಲ.

ಆವೃತ್ತಿಯನ್ನು ನಿಶ್ಚಿತಗೊಳಿಸುವುದಕ್ಕೂ ಒಂದು ಮಿತಿಯುಂಟು. ಕಟ್ಟಿಹಾಕಿದ ಲೈಬ್ರರಿ ತಾನಾಗಿ ಕೆಡುವುದಿಲ್ಲ, ತಾನಾಗಿ ಸುಧಾರಿಸುವುದೂ ಇಲ್ಲ. ಅದರಲ್ಲಿ ಭದ್ರತೆಯ ದೋಷವೊಂದು ಪತ್ತೆಯಾಗಿ, ಹೊಸ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದ್ದರೂ ನಮ್ಮ ಪಟ್ಟಿ ಹಳೆಯದನ್ನೇ ತರುತ್ತಿರುತ್ತದೆ. ಆದುದರಿಂದ ಆಗಾಗ ಪಟ್ಟಿಯ ಒಂದೊಂದೇ ಸಂಖ್ಯೆಯನ್ನು ಬದಲಿಸಿ ಸರ್ವರಿಗೆ ಕಳುಹಿಸಬೇಕು. ಆಗ ಪರೀಕ್ಷೆ ಸೋತರೆ ಯಾವ ಬದಲಾವಣೆಯಿಂದ ಸೋತಿತೆಂಬುದು ಆ ಒಂದು ಸಾಲಿನಿಂದಲೇ ತಿಳಿಯುತ್ತದೆ.