ಪೋರ್ಟ್‌ಫೋಲಿಯೊದಲ್ಲಿ ಕಾಣದ್ದು

ವಿದೇಶದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಡಿಸೈನ್ ವಿದ್ಯಾರ್ಥಿ ಅಂಕಪಟ್ಟಿಯ ಜೊತೆಗೆ ತನ್ನ ಕೆಲಸವನ್ನೂ ಕಳಿಸುತ್ತಾನೆ. ಜರ್ಮನಿಯ ಡಿಎಎಡಿ ಸಂಸ್ಥೆ ಲಲಿತಕಲೆ, ಡಿಸೈನ್, ಸಿನಿಮಾ ಓದುವವರಿಗೆಂದೇ ಬೇರೆ ವಿದ್ಯಾರ್ಥಿವೇತನ ಇಟ್ಟಿದೆ. ಅಲ್ಲಿ ಆಯ್ಕೆ ಮಾಡುವವರು ಕೆಲಸದ ಮಾದರಿಗಳನ್ನು ತಾವೇ ನೋಡುತ್ತಾರೆ. ಹಾಗಿರುವಾಗ ಮೇಷ್ಟ್ರು ತಮ್ಮ ಶಿಫಾರಸು ಪತ್ರದಲ್ಲಿ ‘ಇವಳ ವಿನ್ಯಾಸ ಬಹಳ ಸುಂದರ’ ಎಂದು ಬರೆದರೆ ಏನು ಉಪಯೋಗ? ಸುಂದರವೋ ಅಲ್ಲವೋ ಎಂಬುದನ್ನು ಅವರ ಕಣ್ಣೇ ಹೇಳುತ್ತದೆ. ಆ ವಿನ್ಯಾಸ ಹೇಗೆ ಹುಟ್ಟಿತು, ನಡುವೆ ಏನು ಕೆಟ್ಟಿತು, ಕೆಟ್ಟಾಗ ಹುಡುಗಿ ಏನು ಮಾಡಿದಳು ಎಂಬುದು ಮಾತ್ರ ಅವರಿಗೆ ಕಾಣುವುದಿಲ್ಲ. ಅದನ್ನು ಹತ್ತಿರದಿಂದ ಕಂಡವರು ಮೇಷ್ಟ್ರು ಒಬ್ಬರೇ.

ನನ್ನ ಕೈಕೆಳಗೆ ಕಲಿತ ಹುಡುಗಿಯೊಬ್ಬಳ ಕೆಲಸವನ್ನೇ ನೋಡೋಣ. ಬಸ್ಸುಗಳ ಕನ್ನಡ ಊರಫಲಕವನ್ನು ದೂರದಿಂದಲೇ ಓದುವಂತೆ ಮಾಡುವುದು ಅವಳ ಕೊನೆಯ ವರ್ಷದ ಪ್ರಾಜೆಕ್ಟು. ಮೊದಲು ಅಕ್ಷರಗಳನ್ನು ಆದಷ್ಟು ದೊಡ್ಡದು ಮಾಡಿದಳು. ಜಾಗ ಸಾಲದೆ ಸಾಲುಗಳನ್ನು ಒತ್ತೊತ್ತಾಗಿ ಇಟ್ಟಳು. ಮೇಲಿನ ಸಾಲಿನಲ್ಲಿ ‘ಹುಬ್ಬಳ್ಳಿ’, ಕೆಳಗಿನ ಸಾಲಿನಲ್ಲಿ ‘ಶಿರಸಿ’. ‘ಬ್ಬ’ದ ಒತ್ತು ಕೆಳಗಿಳಿದು ‘ಶಿ’ಯ ಗುಡಿಸಿಗೆ ತಗುಲಿತು. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ ಕಲಸಿಹೋಯಿತು. ವಯಸ್ಸಾದವರು ಫಲಕದ ಮುಂದೆಯೇ ನಿಂತು ‘ಇದು ಎಲ್ಲಿಗೆ ಹೋಗುತ್ತೆ?’ ಎಂದು ಕಂಡಕ್ಟರನ್ನು ಕೇಳುತ್ತಿದ್ದರು. ಹುಡುಗಿ ಅದನ್ನು ನೋಡಿಕೊಂಡು ಬಂದು, ತಾನು ಬಹಳ ಇಷ್ಟಪಟ್ಟು ಬರೆದಿದ್ದ ಅಕ್ಷರಗಳನ್ನು ಬದಿಗಿಟ್ಟಳು. ಅಕ್ಷರ ಚಿಕ್ಕದು ಮಾಡಿ, ಸಾಲುಗಳ ನಡುವೆ ಒತ್ತಿಗೆ ಜಾಗ ಬಿಟ್ಟಳು. ಅಕ್ಷರ ಕುಗ್ಗಿದರೂ ಓದು ಸಲೀಸಾಯಿತು.

ಅವಳ ಪೋರ್ಟ್‌ಫೋಲಿಯೊದಲ್ಲಿ ಇರುವುದು ಕೊನೆಯ ಫಲಕ ಮಾತ್ರ. ಪತ್ರಕ್ಕೆ ಬೇಕಾದದ್ದು ಆ ನಡುವಿನ ಕಥೆ. ಪತ್ರ ಹೋಗುವುದು ಇಂಗ್ಲಿಷಿನಲ್ಲೇ ಆದರೂ ಸಾರ ಹೀಗಿರಬೇಕು: ‘ಕನ್ನಡದಲ್ಲಿ ಕೆಲವು ವ್ಯಂಜನಗಳು ಸಾಲಿನ ಕೆಳಗೆ ಇಳಿಯುತ್ತವೆ. ಇವಳ ಮೊದಲ ಫಲಕದಲ್ಲಿ ಅವು ಕೆಳಸಾಲಿಗೆ ತಾಗಿ ಓದಲಾಗಲಿಲ್ಲ. ಪ್ರಯಾಣಿಕರು ತಡಕಾಡುವುದನ್ನು ಕಂಡು, ನಾನು ಹೇಳುವ ಮೊದಲೇ ಹೊಸದಾಗಿ ಶುರು ಮಾಡಿದಳು.’ ಮೊದಲ ವಾಕ್ಯ ಬಹಳ ಮುಖ್ಯ. ಕನ್ನಡ ಗೊತ್ತಿಲ್ಲದವರು ಅದಿಲ್ಲದೆ ಸಮಸ್ಯೆ ಏನೆಂದೇ ಹಿಡಿಯಲಾರರು. ‘ಶ್ರಮಜೀವಿ, ಪ್ರತಿಭಾವಂತೆ’ ಎಂದು ಬರೆದ ಪತ್ರದಲ್ಲಿ ಹೆಸರು ಬದಲಿಸಿ ಪಕ್ಕದ ಹುಡುಗನಿಗೂ ಕೊಡಬಹುದು. ಇದನ್ನು ಹಾಗೆ ಕೊಡಲಾಗದು.

ಡಿಸೈನ್ ಕಾಲೇಜುಗಳಲ್ಲಿ ಹಲವು ಕೆಲಸಗಳು ತಂಡದವು. ಒಂದೇ ಫಲಕ ಮೂವರ ಪೋರ್ಟ್‌ಫೋಲಿಯೊದಲ್ಲೂ ಇದ್ದರೆ ಆಯ್ಕೆದಾರರಿಗೆ ಸಂಶಯ ಬರುವುದು ಸಹಜ. ‘ಪ್ರಯಾಣಿಕರನ್ನು ಮೂವರೂ ಮಾತನಾಡಿಸಿದರು, ಅಕ್ಷರ ಬರೆದವಳು ಇವಳು, ಫೋಟೊ ಇನ್ನೊಬ್ಬನದು’ ಎಂದು ಮೇಷ್ಟ್ರು ಸ್ಪಷ್ಟವಾಗಿ ಬರೆದರೆ ಆ ಸಂಶಯ ಅಲ್ಲಿಗೇ ತೀರುತ್ತದೆ. ಕೊರತೆಯನ್ನೂ ಒಂದು ಸಾಲಿನಲ್ಲಿ ಹೇಳಬಹುದು: ವರದಿ ಬರೆಯುವುದರಲ್ಲಿ ನಿಧಾನ, ಈಚೆಗೆ ಸುಧಾರಿಸಿದ್ದಾಳೆ ಎಂದು. ಹಾಗೆ ಹೇಳಿದ ಪತ್ರದಲ್ಲಿನ ಹೊಗಳಿಕೆಗೂ ತೂಕ ಬರುತ್ತದೆ ಎಂಬುದು ನನ್ನ ನಂಬಿಕೆ.

ನಮ್ಮಲ್ಲಿ ಬೇರೂರಿರುವ ಒಂದು ರೂಢಿ ನನಗೆ ನಿಜಕ್ಕೂ ನೋವು ಕೊಡುತ್ತದೆ. ‘ನೀನೇ ಬರೆದು ತಾ, ಸೈನ್ ಹಾಕ್ತೀನಿ’ ಎನ್ನುವುದು. ಹುಡುಗಿಯ ಸ್ವಂತ ಹೇಳಿಕೆ, ಇಬ್ಬರು ಮೇಷ್ಟ್ರ ಪತ್ರ, ಮೂರೂ ಒಂದೇ ಧಾಟಿಯಲ್ಲಿದ್ದರೆ ಓದುವವರಿಗೆ ಗೊತ್ತಾಗದೆ ಇರುತ್ತದೆಯೆ? ಪೂರ್ತಿ ಪತ್ರ ಬರೆಸುವ ಬದಲು ಅವಳಿಂದ ಟಿಪ್ಪಣಿ ತರಿಸಿಕೊಳ್ಳಬೇಕು: ಪ್ರಾಜೆಕ್ಟಿನ ಹಂತಗಳು, ಕೈಬಿಟ್ಟ ಸ್ಕೆಚ್ಚುಗಳು, ಕೋರ್ಸಿನ ವಿವರ, ಕೊನೆಯ ದಿನಾಂಕ. ಇದಕ್ಕೆ ಒಂದು ತಿಂಗಳಾದರೂ ಮೊದಲೇ ಕೇಳಿದರೆ ಒಳ್ಳೆಯದು. ಅಮೆರಿಕದ ಅರ್ಜಿಗಳಲ್ಲಿ, ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ವಿದ್ಯಾರ್ಥಿಯನ್ನು ಕೇಳುವುದುಂಟು. ಆ ಹಕ್ಕು 1974ರ ಕಾನೂನಿನಿಂದ ಬಂದದ್ದು. ಬಿಟ್ಟುಕೊಟ್ಟರೆ ಮೇಷ್ಟ್ರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ ಎಂಬ ಭರವಸೆ ಓದುವವರಿಗೆ ಹೆಚ್ಚು.

ಪತ್ರ ಯಾರಿಂದ ಎಂಬ ಪ್ರಶ್ನೆ ಬಂದಾಗ ಹಲವರು ಪ್ರಿನ್ಸಿಪಾಲರ ಬಳಿಗೆ ಓಡುತ್ತಾರೆ. ಹುಡುಗಿಯ ಮುಖವನ್ನೇ ಸರಿಯಾಗಿ ನೆನಪಿಟ್ಟುಕೊಳ್ಳದ ಪ್ರಿನ್ಸಿಪಾಲರಿಗಿಂತ, ಸ್ಟುಡಿಯೊದಲ್ಲಿ ಪಕ್ಕದಲ್ಲಿ ಕೂತು ತಿದ್ದಿದ ಗೈಡ್ ಬರೆಯುವುದೇ ವಾಸಿ. ತನಗೆ ಅವಳ ಕೆಲಸ ಅಷ್ಟು ಗೊತ್ತಿಲ್ಲ ಅನ್ನಿಸಿದ ಮೇಷ್ಟ್ರು ಅದನ್ನು ಕೇಳಿದ ದಿನವೇ ಹೇಳಿಬಿಡಬೇಕು. ಆಗ ಅವಳಿಗೆ ಗೊತ್ತಿರುವವರನ್ನು ಹುಡುಕಿಕೊಂಡು ಹೋಗಲು ಸಮಯ ಸಿಗುತ್ತದೆ.