ಮೂರು ತಪ್ಪಿಗೆ ಇನ್ನೂರೈವತ್ತು ರೂಪಾಯಿ

ಕಾಪುವಿನ ಮನೆಯಲ್ಲಿ ಕೂತು ಸಂಜೆ ಹೊತ್ತು ನಾನು ಡೇಟಾ ಲೇಬಲಿಂಗ್ ಮಾಡುತ್ತೇನೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಹೆಡ್‌ಫೋನ್ ಹಾಕಿಕೊಂಡು ಹತ್ತು-ಹದಿನೈದು ಸೆಕೆಂಡಿನ ಮಾತಿನ ತುಣುಕು ಕೇಳಿ, ಕೇಳಿದ್ದನ್ನು ಕನ್ನಡದಲ್ಲಿ ಟೈಪ್ ಮಾಡುವುದು. ಮಾತನ್ನು ಅಕ್ಷರ ಮಾಡುವ ಆ್ಯಪ್‌ಗಳು ಇಂಥ ಜೋಡಿಗಳಿಂದಲೇ ಕಲಿಯುತ್ತವೆ.

ಒಂದು ತುಣುಕಿಗೆ 5 ರೂಪಾಯಿ. ಮೊದಲ ವಾರ 250 ತುಣುಕು ಮುಗಿಸಿದ್ದೆ, 1,250 ರೂಪಾಯಿ ಬರಬೇಕಿತ್ತು. ಬಂದದ್ದು 1,000. ಪಕ್ಕದಲ್ಲಿ 'ಕ್ವಾಲಿಟಿ ಸ್ಕೋರ್ 88' ಎಂದಿತ್ತು.

250ರಲ್ಲಿ 30 ತಪ್ಪಾಯಿತಾ ಅಂತ ಗಾಬರಿಯಾಯಿತು. ಮಣಿಪಾಲದಲ್ಲಿ ರಿವ್ಯೂ ಕೆಲಸ ಮಾಡುವ ಪರಿಚಯದ ಅಕ್ಕನಿಗೆ ಫೋನ್ ಮಾಡಿದೆ. ಆಗ ಗೊತ್ತಾಯಿತು: ಯಾರೂ 250ನ್ನೂ ನೋಡುವುದಿಲ್ಲ. ಪ್ರತಿ ಹತ್ತರಲ್ಲಿ ಒಂದು, ಮೊದಲೇ ಸರಿಯುತ್ತರ ಬರೆದಿಟ್ಟ ಪರೀಕ್ಷೆಯ ತುಣುಕು. ಇದಕ್ಕೆ 'ಗೋಲ್ಡ್' ಅನ್ನುತ್ತಾರೆ. ಯಾವುದು ಅಂತ ನಮಗೆ ಗೊತ್ತಾಗುವುದಿಲ್ಲ. ನನಗೆ ಬಂದ ಗೋಲ್ಡ್ 25, ತಪ್ಪಿದ್ದು 3. ಹಾಗಾಗಿ 88. ಸ್ಕೋರ್ 95ಕ್ಕಿಂತ ಕೆಳಗಿಳಿದರೆ ಇಡೀ ವಾರದ ಕೆಲಸಕ್ಕೆ ಶೇ. 80ರಷ್ಟೇ ದುಡ್ಡು.

ಮೂರನ್ನೂ ತೆಗೆದು ನೋಡಿದೆ. ಒಂದರಲ್ಲಿ ಉಡುಪಿಯ ಹೆಂಗಸೊಬ್ಬರು 'ಬರುದಿಲ್ಲ' ಅಂದದ್ದನ್ನು ನಾನು 'ಬರುವುದಿಲ್ಲ' ಎಂದು ತಿದ್ದಿದ್ದೆ. ಇನ್ನೊಂದರಲ್ಲಿ ಕಾರ್ಕಳದವರೊಬ್ಬರು ಕನ್ನಡದ ಮಧ್ಯೆ ತುಳುವಿನಲ್ಲಿ 'ಅಂಚನಾ?' ಅಂದಿದ್ದರು, ನಾನು 'ಹೌದಾ?' ಎಂದು ಬರೆದಿದ್ದೆ. ಸೂಚನೆಯ ಪ್ರಕಾರ ಬರೆಯಬೇಕಾದದ್ದು ಹೀಗೆ: `<tulu>ಅಂಚನಾ</tulu>`.

"ಚಂದ ಮಾಡಿ ಬರಿಲಿಕ್ಕೆ ಹೋಗ್ಬೇಡ ಮಾರಾಯ್ತಿ. ಕಿವಿಗೆ ಬಿದ್ದದ್ದನ್ನು ಹಾಗೇ ಬರಿ," ಅಂದರು ಅಕ್ಕ. ಸರಿಯೇ. ತಿದ್ದಿ ಕೊಟ್ಟರೆ ಆ್ಯಪ್‌ಗೆ ನಮ್ಮೂರಿನ ಮಾತು ಯಾವತ್ತೂ ತಿಳಿಯುವುದಿಲ್ಲ.

ಮೂರನೆಯದು ನನ್ನ ತಪ್ಪಲ್ಲ. ಮಾತಾಡಿದವರು ಹೇಳಿದ್ದು 'ಉಂಟು', ನಾನು ಬರೆದದ್ದೂ ಅದೇ. ಅವರ ಸರಿಯುತ್ತರದಲ್ಲಿ 'ಇದೆ' ಎಂದಿತ್ತು. ಎಷ್ಟನೇ ಸೆಕೆಂಡಿನಲ್ಲಿ ಆ ಪದ ಬರುತ್ತದೆ ಎಂದು ಬರೆದು ಅಪೀಲ್ ಹಾಕಿದೆ. ಒಪ್ಪಿಕೊಂಡರು. ಸ್ಕೋರ್ 92ಕ್ಕೆ ಏರಿತು. ಆದರೆ 95 ಮುಟ್ಟಲಿಲ್ಲ, 250 ರೂಪಾಯಿ ವಾಪಸ್ ಬರಲಿಲ್ಲ.

ಲೆಕ್ಕ ಹಾಕಿದರೆ, 25 ಗೋಲ್ಡ್‌ನಲ್ಲಿ ಒಂದು ತಪ್ಪಿಗೆ ಜಾಗ ಉಂಟು, ಎರಡಕ್ಕೆ ಇಲ್ಲ. ಕಡಿಮೆ ಕೆಲಸ ಮಾಡಿದ ವಾರ ಇನ್ನೂ ಕಷ್ಟ: 50 ತುಣುಕಿಗೆ ಗೋಲ್ಡ್ ಐದೇ, ಒಂದು ತಪ್ಪಿದರೆ ಸ್ಕೋರ್ ನೇರ 80.

ಈಗ ಟೈಪಿಂಗ್ ವೇಗದ ಚಿಂತೆ ಬಿಟ್ಟಿದ್ದೇನೆ. ಸೂಚನೆಯ ಪುಟ ಪಕ್ಕದಲ್ಲೇ ತೆರೆದಿರುತ್ತದೆ, ಪ್ರತಿ ತುಣುಕನ್ನು ಬರೆದ ಮೇಲೆ ಇನ್ನೊಮ್ಮೆ ಕೇಳುತ್ತೇನೆ. ಮುಂದಿನ ವಾರ 25ಕ್ಕೆ 24 ಸರಿ, ಸ್ಕೋರ್ 96, ಪೂರ್ತಿ ದುಡ್ಡು.

ಈ ಕೆಲಸಕ್ಕೆ ಸೇರುವವರು ತುಣುಕಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಸ್ಕೋರ್ ಎಷ್ಟಿದ್ದರೆ ಪೂರ್ತಿ ದುಡ್ಡು, ಅಪೀಲ್‌ಗೆ ಎಷ್ಟು ದಿನ, ಗೆದ್ದರೆ ಕಡಿತವಾದದ್ದು ವಾಪಸ್ ಬರುತ್ತದಾ ಅಂತಲೂ ಕೇಳಿ. ನಾನು ಕೇಳಿರಲಿಲ್ಲ.