ಹೆಬ್ಬೆರಳ ಗಂಟು, ಬೆರಳ ಬುಡದ ಉರಿ: ಗಮ್‌ಬೂಟಿನೊಳಗೆ ಏನಾಗ್ತಿದೆ?

ಮುಂದೆ ಕೇಳೋಕೆ ಮುಂಚೆ ಒಂದು ಕೆಲಸ ಮಾಡಿ. ಬರಿಗಾಲಲ್ಲಿ ನಿಂತು ನಿಮ್ಮ ಪಾದ ನೋಡಿ. ಹೆಬ್ಬೆರಳು ಪಕ್ಕದ ಬೆರಳ ಕಡೆ ವಾಲಿದ್ಯಾ? ಅದರ ಬುಡದಲ್ಲಿ, ಪಾದದ ಒಳಮಗ್ಗುಲಿಗೆ, ಗಂಟು ಎದ್ದಿದ್ಯಾ? ಡಾಕ್ಟರು ಇದಕ್ಕೆ ಬನಿಯನ್ ಅಂತಾರೆ. ಅಂಗಿಯೊಳಗೆ ಹಾಕೋ ಬನಿಯನ್‌ಗೂ ಇದಕ್ಕೂ ಸಂಬಂಧ ಇಲ್ಲ, ನಾನೂ ಮೊದಲು ಕೇಳಿದಾಗ ನಕ್ಕಿದ್ದೆ.

ನನಗೆ ಇದು ಗೊತ್ತಾಗಿದ್ದು ಚಿಕ್ಕಮ್ಮನಿಂದ. ಆಲೂರು ಕಡೆ ಅವರದ್ದು ಮೂರು ಎಕರೆ ಕಾಫಿ ತೋಟ, ಪೂರ್ತಿ ಇಳಿಜಾರು. ಮಳೆಗಾಲದಲ್ಲಿ ಕೆಸರು, ಇಂಬಳ. ಗಮ್‌ಬೂಟು ಇಲ್ಲದೆ ಕಾಲಿಡೋ ಹಾಗಿಲ್ಲ. ಹೋದ ವರ್ಷ ಅವರು, "ಬೆರಳ ಬುಡದಲ್ಲಿ ಕಲ್ಲು ಮೆಟ್ಟಿದ ಹಾಗಾಗುತ್ತೆ ಕಣೋ, ಬೂಟು ಬಿಚ್ಚಿ ನೋಡಿದ್ರೆ ಏನೂ ಇರಲ್ಲ" ಅಂದ್ರು. ಗಂಟು ಮೊದಲಿನಿಂದಲೂ ಇತ್ತು. ಅದು ಬೇರೆ, ಈ ನೋವು ಬೇರೆ ಅಂದುಕೊಂಡಿದ್ದರು.

ಎರಡೂ ಒಂದೇ ಕಥೆ. ಗಂಟು ಅಂದ್ರೆ ಹೆಚ್ಚಾಗಿ ಹೊಸದಾಗಿ ಬೆಳೆದ ಮೂಳೆ ಅಲ್ಲ. ಹೆಬ್ಬೆರಳು ಆ ಕಡೆ ವಾಲಿದಾಗ ಅದರ ಹಿಂದಿನ ಉದ್ದ ಮೂಳೆ ಈ ಕಡೆ ಸರಿಯುತ್ತೆ, ಅದರ ತುದಿ ಹೊರಗೆ ಕಾಣುತ್ತೆ. ನಾವು ಹೆಜ್ಜೆ ಎತ್ತುವಾಗ ನೆಲ ಒತ್ತಬೇಕಾದ್ದು ಮುಖ್ಯವಾಗಿ ಹೆಬ್ಬೆರಳೇ. ಅದು ಸರಿಯಾಗಿ ಒತ್ತದಿದ್ರೆ ಭಾರ ಎರಡನೇ, ಮೂರನೇ ಬೆರಳ ಬುಡಕ್ಕೆ ಬೀಳುತ್ತೆ. ಅಲ್ಲಿ ಚರ್ಮ ದಪ್ಪಗಟ್ಟುತ್ತೆ, ಉರಿ ಶುರುವಾಗುತ್ತೆ. ವಾಲೋ ಗುಣ ಎಷ್ಟೋ ಸಲ ಮನೆತನದಿಂದಲೇ ಬರುತ್ತೆ. ಇಕ್ಕಟ್ಟಾದ ಬೂಟು ಅದರ ನೋವನ್ನ ಜಾಸ್ತಿ ಮಾಡುತ್ತೆ.

ಚಿಕ್ಕಮ್ಮ ಮಾಡಿದ ತಪ್ಪು ನಾವೆಲ್ಲ ಮಾಡೋದೇ. ಬೂಟು ಹಿಡಿಯುತ್ತೆ ಅಂತ ಒಂದು ಸೈಜು ದೊಡ್ಡದು ತಂದ್ರು. ಸೈಜು ದೊಡ್ಡದಾದ್ರೆ ಮುಖ್ಯವಾಗಿ ಹೆಚ್ಚೋದು ಉದ್ದ, ಅಗಲ ಸ್ವಲ್ಪವೇ. ಗಮ್‌ಬೂಟಿಗೆ ಲೇಸ್ ಬೇರೆ ಇಲ್ಲ. ಇಳಿಜಾರಲ್ಲಿ ಇಳಿಯುವಾಗ ಪಾದ ಮುಂದಕ್ಕೆ ಜಾರಿ, ಬೂಟು ಕಿರಿದಾಗೋ ಜಾಗಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ. ಜೇನುಕಲ್ಲು ಗುಡ್ಡ ಹತ್ತುವಾಗ ಆರಾಮಾಗಿದ್ದ ಶೂ ಇಳಿಯುವಾಗ ಕಚ್ಚೋದೂ ಇದಕ್ಕೇ.

ಹಾಗಾಗಿ ನಾವು ಅಳೆದು ನೋಡಿದ್ವಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತೆ, ಆಗಲೇ ಅಳೀಬೇಕು. ಪೇಪರ್ ಮೇಲೆ ಎರಡೂ ಕಾಲಿಗೆ ಭಾರ ಹಾಕಿ ನಿಂತು, ಪೆನ್ಸಿಲ್ ನೇರ ಹಿಡಿದು ಗೆರೆ ಎಳೀಬೇಕು. ಬೆರಳ ಬುಡದಲ್ಲಿ ಚಿಕ್ಕಮ್ಮನ ಪಾದದ ಅಗಲ 98 ಮಿಲಿಮೀಟರ್. ಬೂಟಿನೊಳಗಿನ ಸೋಲ್ ತೆಗೆದು ಅದೇ ಜಾಗದಲ್ಲಿ ಅಳೆದ್ರೆ 86. ಪಾದ ಸೋಲಿನ ಅಂಚಿಂದ ಚೂರು ಹೊರಗೆ ಬರೋದು ಸಹಜ, ಆದ್ರೆ 12 ಮಿಲಿಮೀಟರ್ ತುಂಬಾ ಜಾಸ್ತಿ. ಅಂದಹಾಗೆ, ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಾಗಲೂ, ನಮ್ಮ ಪಾದ ಯುರೋಪಿನವರಿಗಿಂತ ಅಗಲ ಅಂತಲೇ ಕಂಡುಬಂತು.

ಆಮೇಲೆ ಚಿಕ್ಕಮ್ಮ ಮುಂಭಾಗ ಅಗಲ ಇರೋ ಗಮ್‌ಬೂಟು ಹುಡುಕಿದ್ರು. ಕೊಯ್ಲಿನ ಟೈಮಲ್ಲಿ ನೆಲ ಒಣಗಿರುತ್ತೆ, ಅದಕ್ಕೆ ಲೇಸ್ ಇರೋ ಅಗಲ ಶೂ. ಇಳಿಯೋ ಮುಂಚೆ ಹಿಮ್ಮಡಿ ಹಿಂದಕ್ಕೆ ಒತ್ತಿ ಲೇಸ್ ಬಿಗಿ ಮಾಡ್ತಾರೆ. ಅತಿ ಉದ್ದದ ಬೆರಳ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು. ಜೊತೆಗೆ ಫೆಲ್ಟ್ ಪ್ಯಾಡ್ ಹಾಕಿದ್ರು. ಮೊದಲ ದಿನ ಅದನ್ನ ನೋಯೋ ಜಾಗದ ಕೆಳಗೇ ಇಟ್ಟು ನೋವು ಜಾಸ್ತಿ ಮಾಡ್ಕೊಂಡ್ರು. ಅದು ನೋಯೋ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿ ಕಡೆಗೆ ಕೂರಬೇಕು.

ಇನ್ನು ವ್ಯಾಯಾಮ. ಉಳಿದ ನಾಲ್ಕು ಬೆರಳು ನೆಲದಲ್ಲಿಟ್ಟು ಹೆಬ್ಬೆರಳು ಮಾತ್ರ ಎತ್ತಿ. ಆಮೇಲೆ ಅದನ್ನ ಒತ್ತಿ ಹಿಡಿದು ಉಳಿದವನ್ನ ಎತ್ತಿ. ಮೊದಲ ವಾರ ಬೆರಳು ಮಾತೇ ಕೇಳಲ್ಲ, ಕೈಯಿಂದ ಸಹಾಯ ಮಾಡಿ. ನಂತರ ಐದೂ ಬೆರಳು ಅಗಲಿಸಿ 5 ಸೆಕೆಂಡ್ ಹಿಡಿಯಿರಿ, 10 ಸಲ. ಕೊನೆಗೆ ಗೋಡೆ ಹಿಡಿದು ಮೀನಖಂಡ ಎಳೆಯಿರಿ, 30 ಸೆಕೆಂಡ್. ಮೀನಖಂಡ ಬಿಗಿ ಇದ್ರೆ ಹಿಮ್ಮಡಿ ಬೇಗ ಎದ್ದು ಭಾರ ಪಾದದ ಮುಂಭಾಗಕ್ಕೇ ಬೀಳುತ್ತೆ. ಇದರಿಂದ ಸ್ನಾಯು ಗಟ್ಟಿಯಾಗಿ ನೋವು ಇಳಿಯಬಹುದು. ಸರಿದ ಮೂಳೆ ಮಾತ್ರ ವಾಪಸ್ ಬರಲ್ಲ. ಮೂಳೆಯ ಸ್ಥಾನ ಸರಿಪಡಿಸೋದು ಆಪರೇಷನ್ ಒಂದೇ, ಅದು ನೋವು ಕೇಳದಿದ್ದಾಗ, ಅಂದಕ್ಕಲ್ಲ.

ಎಲ್ಲ ನೋವೂ ಇದೇ ಅಲ್ಲ. ಗಂಟು ಒಂದೇ ರಾತ್ರಿಯಲ್ಲಿ ಕೆಂಪಾಗಿ ಬಿಸಿಯಾದ್ರೆ ಗೌಟ್ ಇರಬಹುದು. ಮೂರು-ನಾಲ್ಕನೇ ಬೆರಳ ನಡುವೆ ಜೋಮು, ಉರಿ ಬಂದ್ರೆ ನರ ಒತ್ತುತ್ತಿರಬಹುದು. ಪಾದದ ಮೇಲ್ಭಾಗ ಊದಿ, ಒಂದೇ ಜಾಗ ಮುಟ್ಟಿದ್ರೆ ಜೋರು ನೋವಾದ್ರೆ ಮೂಳೆ ಬಿರುಕು ಬಿಟ್ಟಿರಬಹುದು. ಇವಕ್ಕೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರೋರು ಪ್ಯಾಡ್, ಬ್ಲೇಡು ಅಂತ ಪ್ರಯೋಗ ಮಾಡೋಕೆ ಹೋಗ್ಬೇಡಿ, ಗಾಯ ಆಗಿದ್ದೂ ಗೊತ್ತಾಗಲ್ಲ.

ಚಿಕ್ಕಮ್ಮನಿಗೆ ಮೂರು ತಿಂಗಳಲ್ಲಿ ಆ 'ಕಲ್ಲು' ಹೋಯ್ತು. ಗಂಟು ಹಾಗೇ ಇದೆ. ಹಳೇ ಬೂಟು ಈಗ ಚಿಕ್ಕಪ್ಪನ ಕಾಲಲ್ಲಿದೆ, ಅವರ ಪಾದ ಉದ್ದ, ಸಪೂರ.